ರಿಕ್ಲೈನರ್ ಅರ್ಧಕ್ಕೇ ಸಿಕ್ಕಾಕೊಂಡಿದೆ, ಮುಂದಕ್ಕೂ ಬರಲ್ಲ ಹಿಂದಕ್ಕೂ ಹೋಗಲ್ಲ, ಯಾರಿಗಾದ್ರೂ ಗೊತ್ತಾ?

ಬಸವನಗುಡಿ_ಬಾಲು
ಎಲ್ರಿಗೂ ನಮಸ್ಕಾರ. ಅಪ್ಪಂಗೆ ಮಂಡಿ ಆಪರೇಷನ್ ಆದಾಗ ತಗೊಂಡ ರಿಕ್ಲೈನರ್, ಕರೆಂಟಿಂದಲ್ಲ, ಪಕ್ಕದಲ್ಲಿ ಹ್ಯಾಂಡಲ್ ಎಳೆಯೋದು. ಆರು ವರ್ಷ ಆಯ್ತು. ಮೊನ್ನೆ ಭಾನುವಾರ ನನ್ನ ಮಗ ಮತ್ತೆ ಅವನ ಫ್ರೆಂಡು ಇಬ್ರೂ ಕಾಲಿಡೋ ಹಲಗೆ ಮೇಲೆ ನಿಂತ್ಕೊಂಡು ಟಿವಿಲಿ ಮ್ಯಾಚ್ ನೋಡ್ತಾ ಇದ್ರಂತೆ, ವಿಕೆಟ್ ಬಿತ್ತು ಅಂತ ಕುಣಿದಿದಾರೆ, ಆಮೇಲಿಂದ ಹಲಗೆ ಅರ್ಧಕ್ಕೆ ನಿಂತಿದೆ. ಹ್ಯಾಂಡಲ್ ಎಳೆದ್ರೆ ಟಕ್ ಅಂತ ಬಂದು ನಿಲ್ಲತ್ತೆ, ಕಾಲಿಂದ ಒಳಗೆ ಒತ್ತಿದ್ರೂ ಹೋಗಲ್ಲ. ಅಂಗಡಿಯವ್ರು ವಾರಂಟಿ ಮುಗಿದಿದೆ, ಮನೆಗೆ ಬಂದು ನೋಡೋಕೇ ದುಡ್ಡು ಕೊಡಿ ಅಂತಾರೆ. ನಾನೇ ಬಿಚ್ಚಬೋದಾ? ಸ್ಕ್ರೂಡ್ರೈವರ್ ಸೆಟ್ಟು, ಎರಡು ಅಡ್ಜಸ್ಟಬಲ್ ಸ್ಪ್ಯಾನರ್, ಒಂದು ಸುತ್ತಿಗೆ ಇದೆ ಅಷ್ಟೇ.

ಸುರತ್ಕಲ್_ಕಿಣಿ
ಎಂತದ್ದೂ ಬಿಚ್ಚುವುದು ಬೇಡ ಮಾರಾಯ್ರೆ. ತುಕ್ಕು ಬಿಡಿಸುವ ಸ್ಪ್ರೇ ಉಂಟಲ್ಲ, ಒಂದು ಡಬ್ಬ ತಂದು ಅಡಿಯಿಂದ ಎಲ್ಲ ಕಡೆ ಚೆನ್ನಾಗಿ ಹೊಡೀರಿ, ಅರ್ಧ ಗಂಟೆ ಬಿಡಿ, ಆಮೇಲೆ ಜೋರಾಗಿ ಒಂದು ಎಳೆತ ಎಳೀರಿ. ನಮ್ಮಲ್ಲಿ ಉಪ್ಪು ಗಾಳಿಗೆ ಹೀಗೇ ಆಗುವುದು, ನಂದು ಎರಡು ಸಲ ಹಾಗೇ ಸರಿಯಾಗಿದೆ.

ಗೀತಕ್ಕ_ಮೈಸೂರು
ಬಾಲು, ಮೊದ್ಲು ಟಾರ್ಚ್ ಹಾಕಿ ಕೆಳಗೆ ನೋಡಪ್ಪ. ನಮ್ಮನೇಲಿ ಹೀಗೇ ನಿಂತಿತ್ತು, ರಿಪೇರಿಯವನು ಬಂದು 5 ನಿಮಿಷದಲ್ಲಿ ರಿಮೋಟ್ ಎಳೆದು ಕೈಗೆ ಕೊಟ್ಟು ಹೋದ, ಕತ್ತರಿ ಥರ ಇರೋ ಪಟ್ಟಿಗಳ ಮಧ್ಯೆ ಸಿಕ್ಕಿಕೊಂಡಿತ್ತು. ಪೆನ್ನು, ಮಕ್ಕಳ ಕಾರು, ಬಟ್ಟೆ ಕ್ಲಿಪ್ಪು, ಏನು ಬೇಕಾದ್ರೂ ಇರತ್ತೆ.

ಹುಬ್ಬಳ್ಳಿ_ಸೋಫಾ_ಕೆಲಸ
ಬಾಲು ಅವ್ರ, ಗೀತಕ್ಕಾರು ಹೇಳಿದ್ದು ಮೊದ್ಲ ಮಾಡ್ರಿ, ಅದಕ್ಕ ಖರ್ಚಿಲ್ಲ. ಆದ್ರ ಜೋರಾಗಿ ಮಾತ್ರ ಎಳೀಬ್ಯಾಡ್ರಿ. ನಾ 22 ವರ್ಷದಿಂದ ಸೋಫಾ, ಖುರ್ಚಿ ಕೆಲಸಾನ ಮಾಡ್ತೀನಿ, ಸಣ್ಣ ರಿಪೇರಿ ದೊಡ್ಡದಾಗೋದು ಇದೇ ಜೋರಿನಿಂದ. ತುಕ್ಕು ಹಿಡದದ್ದು ದಿನಾ ಸ್ವಲ್ಪ ಸ್ವಲ್ಪ ಬಿಗಿ ಆಗ್ಕೋತ ಬರತೈತಿ, ಹುಡುಗರು ಕುಣದ ಮ್ಯಾಲೆ ಒಮ್ಮೆಲೇ ನಿಂತದ್ದು ತುಕ್ಕಲ್ಲ. ಯಾವುದೋ ಒಂದು ಪಟ್ಟಿ ಬಾಗೇತಿ ಇಲ್ಲಾ ಬೋಲ್ಟ್ ಬಿದ್ದೈತಿ.

ಒಂದು ಅಳತಿ ಕೊಡ್ರಿ ನನಗ. ಕಾಲಿಡೋ ಹಲಗಿ ಈಗ ಹೆಂಗ ನಿಂತೈತಿ ಹಂಗ ಬಿಟ್ಟು, ಎಡಕ್ಕ ಹಲಗಿಯಿಂದ ಖುರ್ಚಿ ಮುಂದಿನ ಕಟ್ಟಿಗಿ ಮಟ ಎಷ್ಟೈತಿ, ಬಲಕ್ಕ ಎಷ್ಟೈತಿ, ಟೇಪ್ ಹಿಡದು ನೋಡ್ರಿ.

ಬಸವನಗುಡಿ_ಬಾಲು
ಕೆಳಗೆ ಒಂದು ಐದ್ರೂಪಾಯಿ ನಾಣ್ಯ, ಒಂದು ಕಡ್ಲೆಕಾಯಿ ಸಿಪ್ಪೆ ರಾಶಿ ಬಿಟ್ರೆ ಏನೂ ಇಲ್ಲ. ಅಳತೆ: ಎಡಗಡೆ 31 ಸೆಂಟಿಮೀಟರ್, ಬಲಗಡೆ 27. ಅಂದ್ರೆ ಹಲಗೆ ಓರೆ ನಿಂತಿದೆ ಈಗ ಗಮನಿಸಿದೆ.

ಹುಬ್ಬಳ್ಳಿ_ಸೋಫಾ_ಕೆಲಸ
ಹಂಗಾರ ಬಲಗಡೆ ರೋಗ ಐತಿ. ಎರಡೂ ಬಾಜೂಕ ಒಂದೊಂದು ಕತ್ತರಿ ಸೆಟ್ ಇರತೈತಿ, ನಡುವ ಒಂದು ಚೌಕ ಪೈಪ್ ಅವೆರಡನ್ನೂ ಒಟ್ಟಿಗೆ ತಿರಗಸತೈತಿ. ನೀವು ಹ್ಯಾಂಡಲ್ ಎಳದಾಗ ಎಡಗಡೆ ಮುಂದ ಹೋಗಾಕ ನೋಡತೈತಿ, ಬಲಗಡೆ ಒಲ್ಲೆ ಅಂತೈತಿ, ನಡುವಿನ ಪೈಪು ತಿರುಚತೈತಿ. ಅದಕ್ಕ ಜೋರು ಬ್ಯಾಡ ಅಂದಿದ್ದು, ಪೈಪ್ ತಿರುಚಿದ್ರ ಮುಗೀತು, ಪಟ್ಟಿ ನೆಟ್ಟಗ ಮಾಡಿದ್ರೂ ಎರಡೂ ಕಡೆ ಒಂದ ಹೊತ್ತಿಗೆ ತೆರೆಯಂಗಿಲ್ಲ.

ಈಗ ಬೆನ್ನು ತಗೀರಿ. ಹಿಂದ ಕೆಳಗ ಬಟ್ಟಿ ಪರದೆ ವೆಲ್ಕ್ರೋದಾಗ ಅಂಟಿರತೈತಿ, ಎತ್ತಿದ್ರ ಎರಡೂ ಕಡೆ ಕಬ್ಬಿಣದ ಪಟ್ಟಿ ಮ್ಯಾಲೆ ಸಣ್ಣ ನಾಲಿಗಿ ಹಂಗ ಲಾಕ್ ಕಾಣತೈತಿ. ಚಪ್ಪಟೆ ಸ್ಕ್ರೂಡ್ರೈವರ್‌ಲೆ ನಾಲಿಗಿ ಎತ್ತಿ, ಬೆನ್ನು ನೆಟ್ಟಗ ಮ್ಯಾಲಕ್ಕ ಎತ್ತಿದ್ರ ಬರತೈತಿ. ಎಲ್ಲಾ ಕಂಪನಿದಾಗ ಹಿಂಗ ಇರಂಗಿಲ್ಲ, ಕೆಲವಕ್ಕ ಬೋಲ್ಟ್ ಇರತಾವು. ಆಮ್ಯಾಗ ಖುರ್ಚಿ ಹಳೇ ಗಾದಿ ಮ್ಯಾಲೆ ಬೋರಲ ಹಾಕ್ರಿ. ಇಬ್ಬರು ಇರ್ರಿ. ಪಟ್ಟಿ ನಡುವ ಬೆರಳ ಹಾಕಬ್ಯಾಡ್ರಿ, ಅರ್ಧಕ್ಕ ನಿಂತದ್ದು ಅಂದ್ರ ಒಳಗ ಸ್ಪ್ರಿಂಗ್ ಎಳಕೊಂಡೇ ಕೂತಿರತೈತಿ, ಬಿಡಿಸಿಕೊಂಡ್ರ ಕತ್ತರಿನ ಅದು.

ಡಲ್ಲಾಸ್_ಸುಮಾ
ನಮ್ಮದೂ ಇದೇ ಪ್ರಾಬ್ಲಮ್! ಅರ್ಧಕ್ಕೆ ನಿಂತಿದೆ. ಬಟನ್ ಒತ್ತಿದ್ರೆ ಜೂಂಯ್ ಅಂತ ಸೌಂಡ್ ಬರತ್ತೆ, ಆದ್ರೆ ಕಾಲಿಂದೂ ಬೆನ್ನಿಂದೂ ಅಲ್ಲಾಡಲ್ಲ. ನಾನೂ ಬೆನ್ನು ಬಿಚ್ಚಿ ಬೋರಲು ಹಾಕ್ಲಾ?

ಹುಬ್ಬಳ್ಳಿ_ಸೋಫಾ_ಕೆಲಸ
ಸುಮಾ ಅವ್ರ, ನಿಮ್ಮದು ಮೋಟರ್‌ದು, ಬ್ಯಾರೆ ಕಥಿ. ಬೋರಲ ಹಾಕಬ್ಯಾಡ್ರಿ ಇನ್ನಾ. ಮೊದ್ಲ ಗ್ವಾಡಿಯಿಂದ ಪ್ಲಗ್ ತಗೀರಿ. ಸಪ್ಪಳ ಬರತೈತಿ ಅಂದ್ರ ಮೋಟರಿಗೆ ಕರೆಂಟ್ ಬರಾಕತ್ತೈತಿ. ಮೋಟರ್ ದಂಡ ಒಂದು ಪಿನ್‌ಲೆ ಕಬ್ಬಿಣಕ್ಕ ಸೇರಿರತೈತಿ, ಆ ಪಿನ್ ಜಾರೇತೇನು ಟಾರ್ಚ್ ಹಿಡದು ನೋಡ್ರಿ. ಪಿನ್ ಇದ್ದಲ್ಲೇ ಇದ್ದು ದಂಡ ಮುಂದ ಬರವಲ್ದು ಅಂದ್ರ ಮೋಟರ್ ಒಳಗಿನ ಹಲ್ಲು ಸವದಿರಬಹುದು.

ಬಸವನಗುಡಿ_ಬಾಲು
ಬೆನ್ನು ಬಂತು! ನಾಲಿಗೆ ಥರದ ಲಾಕ್ ಇತ್ತು. ಬೋರಲು ಹಾಕಿ ನೋಡಿದ್ರೆ ತಲೆ ಕೆಟ್ಟು ಹೋಯ್ತು, ಒಂದೊಂದ್ ಕಡೆ ಹತ್ತು ಹನ್ನೆರಡು ಪಟ್ಟಿ, ಎಲ್ಲಾ ರಿವೆಟ್ ಹೊಡೆದಿದಾರೆ. ಆದ್ರೆ ಕಳ್ಳ ಸಿಕ್ಕಿದಾನೆ. ಬಲಗಡೆ ಹಿಂದೆ ಒಂದು ಪಟ್ಟಿ ಮೆಟ್ಟಿಲು ಥರ ಎರಡು ಕಡೆ ಮಡಚಿದೆ, ಎಸ್ ಅಕ್ಷರದ ಥರ. ಅದನ್ನ ಸುತ್ತಿಗೇಲಿ ನೆಟ್ಟಗೆ ಮಾಡ್ತೀನಿ, ಸರಿನಾ?

ಹುಬ್ಬಳ್ಳಿ_ಸೋಫಾ_ಕೆಲಸ
ತಡೀರಿ ತಡೀರಿ!! ಸುತ್ತಿಗಿ ಕೆಳಗಿಡ್ರಿ. ಎಡಗಡೆ ಅದೇ ಜಾಗಾದಾಗ ಹಂತಾದ್ದೇ ಪಟ್ಟಿ ಐತೇನು ನೋಡ್ರಿ.

ಬಸವನಗುಡಿ_ಬಾಲು
ಅಯ್ಯೋ. ಇದೆ. ಕನ್ನಡೀಲಿ ನೋಡಿದ ಹಾಗೆ ಥೇಟ್ ಅದೇ ಮಡಿಕೆ.

ಹುಬ್ಬಳ್ಳಿ_ಸೋಫಾ_ಕೆಲಸ
ಅದು ಕಂಪನಿಯವ್ರೇ ಮಡಚಿದ್ದು. ಬ್ಯಾರೆ ಪಟ್ಟಿ ಮ್ಯಾಲಿಂದ ದಾಟಿ ಹೋಗಾಕ ಹಂಗ ಮಾಡಿರತಾರ. ಅದನ್ನ ನೆಟ್ಟಗ ಮಾಡಿದ್ರ ಖುರ್ಚಿ ಜನ್ಮದಾಗ ತೆರೆಯಂಗಿಲ್ಲ. ಹಿಂಗ ನೆಟ್ಟಗ ಮಾಡಿ ತಂದವ್ರು ನನ್ನ ಹತ್ರ ಮೂರು ಮಂದಿ ಬಂದಾರ.

ನಿಮ್ಮ ಎಡಗಡೆನ ನಿಮಗ ಪುಸ್ತಕ. ಒಂದೊಂದ ಪಟ್ಟಿ ತಗೊಂಡು ಎಡಕ್ಕ ನೋಡ್ರಿ, ಬಲಕ್ಕ ನೋಡ್ರಿ. ಮಡಿಕಿ ಎರಡೂ ಕಡೆ ಇದ್ರ ಕೈ ಹಚ್ಚಬ್ಯಾಡ್ರಿ. ಒಂದ ಕಡೆ ಅಷ್ಟ ಇದ್ರ ಅದು ಕಳ್ಳ. ಬರೇ ಕಣ್ಣಿಗೆ ಗೊತ್ತಾಗಂಗಿಲ್ಲ, ಹುಡುಗರ ಸ್ಟೀಲ್ ಸ್ಕೇಲ್ ಪಟ್ಟಿ ಮ್ಯಾಲೆ ಉದ್ದಕ ಇಟ್ಟು ಆ ಕಡೆ ಟಾರ್ಚ್ ಹಿಡೀರಿ, ನಡುವ ಬೆಳಕು ಬಂತು ಅಂದ್ರ ಬಾಗೇತಿ. ಇನ್ನೊಂದು ಗುರುತು, ಕಬ್ಬಿಣಕ್ಕ ಕಬ್ಬಿಣ ತಿಕ್ಕಿದಲ್ಲಿ ಬಣ್ಣ ಹೋಗಿ ಹೊಳೀತಿರತೈತಿ ಇಲ್ಲಾ ಕರೀ ಪುಡಿ ಇರತೈತಿ. ಹೊಳೆಯೋದರ ಎದುರಿಗಿನ ಪಟ್ಟಿ ನೋಡ್ರಿ.

ಪೀಣ್ಯ_ಫಿಟ್ಟರ್
ಬಾಗಿದ್ದು ಸಿಕ್ಕ ಮೇಲೆ ಗ್ಯಾಸ್ ಟಾರ್ಚಲ್ಲಿ ಕೆಂಪಗೆ ಕಾಯಿಸಿ ಬಡೀರಿ ಸರ್, ತಣ್ಣಗೆ ಬಡಿದ್ರೆ ಕ್ರ್ಯಾಕ್ ಬರತ್ತೆ.

ಹುಬ್ಬಳ್ಳಿ_ಸೋಫಾ_ಕೆಲಸ
ವರ್ಕ್‌ಶಾಪಿನಾಗ ಬಿಡಿ ಪಟ್ಟಿ ಇದ್ರ ನಿಮ್ಮ ಮಾತು ಖರೇ ಇರಬಹುದು ಅಣ್ಣಾ. ಇಲ್ಲಿ ನಾಕು ಬೆರಳ ಮ್ಯಾಲೆ ಸ್ಪಂಜು ಐತಿ, ರೆಕ್ಸಿನ್ ಐತಿ, ಕೀಲಿನ ನಡುವ ನೈಲಾನ್ ವಾಷರ್ ಇರತಾವು. ಬೆಂಕಿ ಹಚ್ಚಿದ್ರ ಮನಿನ ಹೋಗತೈತಿ. ಇದು ಮೆದು ಕಬ್ಬಿಣ, 3 ಮಿಲಿಮೀಟರ್ ಆಸುಪಾಸು ದಪ್ಪ, ಒಂದ ಸಲ ಸ್ವಲ್ಪ ಬಾಗಿದ್ದು ತಣ್ಣಗ ನೆಟ್ಟಗ ಆಗತೈತಿ. ಮತ್ತ ಮತ್ತ ಬಾಗಿಸಿದ್ರ ಮಾತ್ರ ಸೀಳತೈತಿ.

ಪೀಣ್ಯ_ಫಿಟ್ಟರ್
ಸ್ಪಂಜ್ ಅಷ್ಟು ಹತ್ರ ಇದ್ರೆ ನಿಜ, ಬೆಂಕಿ ಬೇಡ. ಆದ್ರೆ ನೆಟ್ಟಗಾದ ಪಟ್ಟಿಗೆ ಮೊದಲಿನ ತಾಕತ್ತು ಇರಲ್ಲ ಅನ್ನೋ ಮಾತಿಗೆ ನಾನು ಈಗಲೂ ಅಂಟಿಕೊಂಡಿದೀನಿ.

ದಾವಣಗೆರೆ_ಮಂಜ
ನಮ್ ರೂಮಲ್ಲಿ ಸೋಫಾ ಕಮ್ ಬೆಡ್ ಐತೆ, ಬೆನ್ನು ಮಲಗಿಸಿ ಹಾಸಿಗೆ ಮಾಡೋದು, ಅದೂ ಅರ್ಧಕ್ಕೆ ನಿಂತೈತೆ, ಮೂರು ದಿನದಿಂದ ಇಳಿಜಾರಲ್ಲಿ ಮಲ್ಗಿದೀನಿ, ಬೆಳಿಗ್ಗೆ ಎದ್ರೆ ನೆಲದ ಮೇಲಿರ್ತೀನಿ. ಇದಕ್ಕೂ ಪಟ್ಟಿ ಬಾಗಿರತ್ತಾ?

ಗೀತಕ್ಕ_ಮೈಸೂರು
ಮಂಜ, ಬೆನ್ನು ಎತ್ತುವಾಗ ಟಕ್ ಟಕ್ ಅಂತ ಹಲ್ಲು ಕಚ್ಚೋ ಸದ್ದು ಬರತ್ತಲ್ಲ, ಆ ಥರದ್ದಾ? ಹಾಗಿದ್ರೆ ಅದು ಕೆಳಕ್ಕೆ ಒತ್ತಿದ್ರೆ ಬರಲ್ಲ ಕಣಪ್ಪ. ಮೊದ್ಲು ಪೂರ್ತಿ ಮೇಲಕ್ಕೆ, ಕೂರೋ ಜಾಗದ ಕಡೆಗೆ ಇನ್ನೂ ಒಂದಿಷ್ಟು ಮಡಚಬೇಕು, ಕೊನೇ ಟಕ್ ಆದ್ಮೇಲೆ ಹಲ್ಲು ಬಿಡತ್ತೆ, ಆಗ ಮಲಗಿಸು. ಮಧ್ಯದಲ್ಲಿ ನಿಂತು ಎತ್ತು. ಒಂದು ಮೂಲೇಲಿ ನಿಂತು ಎತ್ತಿದ್ರೆ ಒಂದು ಕಡೆ ಬಿಡತ್ತೆ ಇನ್ನೊಂದು ಕಡೆ ಕಚ್ಚಿಕೊಂಡೇ ಇರತ್ತೆ.

ದಾವಣಗೆರೆ_ಮಂಜ
ಅಕ್ಕಾ ಒಂದು ಕಡೆ ಬಿಡ್ತು ಇನ್ನೊಂದು ಕಡೆ ಬಿಡ್ಲಿಲ್ಲ 😅 ನಾಳೆ ರೂಮ್‌ಮೇಟ್ ಬಂದ್ಮೇಲೆ ಎರಡೂ ಕಡೆ ಹಿಡಿದು ನೋಡ್ತೀನಿ.

ಬಸವನಗುಡಿ_ಬಾಲು
ಸಿಕ್ತು ಸಿಕ್ತು. ಇಡೀ ಸಂಜೆ ಹೋಯ್ತು. ಬಲಗಡೆ ಹಲಗೆಗೆ ಹೋಗೋ ಉದ್ದ ಪಟ್ಟಿ, ಒಂದು ಗೇಣಿಗಿಂತ ಸ್ವಲ್ಪ ಉದ್ದ, ಸ್ಕೇಲ್ ಇಟ್ಟು ಟಾರ್ಚ್ ಹಾಕಿದ್ರೆ ನಡುವೆ 4 ಮಿಲಿಮೀಟರ್ ಬೆಳಕು. ಹೊಟ್ಟೆ ಒಳಗಡೆಗೆ ಬಂದಿದೆ. ಎಡಗಡೇದು ಸ್ಕೇಲಿಗೆ ಅಂಟಿಕೊಂಡು ಕೂರತ್ತೆ. ಬಲಗಡೆ ಹಲಗೆ ಅರ್ಧ ಬಂದಾಗ ಆ ಹೊಟ್ಟೆ ಪಕ್ಕದ ಪಟ್ಟಿಯ ರಿವೆಟ್ ತಲೆಗೆ ತಾಗಿ ನಿಲ್ಲತ್ತೆ, ರಿವೆಟ್ ತಲೆ ಒಂದು ಬದಿ ಬೆಳ್ಳಿ ಥರ ಹೊಳೀತಿದೆ. ಬರೀ 4 ಮಿಲಿಮೀಟರಿಗೆ ಇಷ್ಟು ರಾಮಾಯಣ.

ಇನ್ನೊಂದು. ಬಲಗಡೆ ಸೆಟ್ಟನ್ನ ಕಟ್ಟಿಗೆಗೆ ಕೂರಿಸಿರೋ ಸ್ಕ್ರೂಗಳಲ್ಲಿ ಹಿಂದಿನದು ಕೈಯಲ್ಲೇ ತಿರುಗ್ತಿದೆ, ಪ್ಲೈವುಡ್ ತೂತು ಪುಡಿ ಪುಡಿ. ಇದಕ್ಕೂ ಅದಕ್ಕೂ ಸಂಬಂಧ ಇದ್ಯಾ?

ಹುಬ್ಬಳ್ಳಿ_ಸೋಫಾ_ಕೆಲಸ
ಭಾಳ ಸಂಬಂಧ ಐತಿ. ಹುಡುಗರು ಕುಣದದ್ದು ಕಡೀ ಪೆಟ್ಟು ಅಷ್ಟ. ಆ ಸ್ಕ್ರೂ ಎಂದೋ ಸಡಿಲ ಆಗಿರಬೇಕು. ಸೆಟ್ಟಿನ ಹಿಂದಿನ ತುದಿ ಸಡಿಲ ಆದ್ರ ಅದು ಒಳಗ ಹೊರಗ ಓಲಾಡತೈತಿ, ಎಡಕ್ಕ ಬಲಕ್ಕ ಸಮ ಇರಂಗಿಲ್ಲ. ಪಟ್ಟಿ ಮಾಡಿದ್ದು ಉದ್ದಕ ಭಾರ ಹೊರಾಕ, ಅಡ್ಡ ಬಂದ ಭಾರ ಅದು ತಡಿಯಂಗಿಲ್ಲ. ಪಟ್ಟಿ ಅಷ್ಟ ನೆಟ್ಟಗ ಮಾಡಿ ಸ್ಕ್ರೂ ಬಿಟ್ರ ಆರು ತಿಂಗಳಿಗೆ ಮತ್ತ ಬರತೀರಿ ಇಲ್ಲಿ.

ಈಗ ಸ್ಪ್ರಿಂಗ್. ಯಾವ ತೂತಿನಾಗ ಸಿಗಿಸ್ಯಾರ, ಕೊಕ್ಕಿ ಬಾಯಿ ಮ್ಯಾಲಕ್ಕೈತೋ ಕೆಳಕ್ಕೋ, ಫೋಟೋ ತಗೀರಿ ಮೊದ್ಲ. ಕನ್ನಡಕ ಹಾಕ್ರಿ. ಗಟ್ಟಿ ನೈಲಾನ್ ದಾರ ಕೊಕ್ಕಿಗೆ ಎರಡು ಸುತ್ತು ಹಾಕಿ, ದಾರದ ಇನ್ನೊಂದು ತುದಿ ಸ್ಕ್ರೂಡ್ರೈವರಿಗೆ ಕಟ್ಟಿ ಹಿಡಿಕಿ ಹಂಗ ಎಳೀರಿ. ಮುಖ ದಾರದ ಸಾಲಿನಾಗ ಇರಬಾರದು. ಎಳಿಯೂ ಮೊದ್ಲ ಎರಡು ಪಟ್ಟಿ ನಡುವ ಒಂದು ಕಟ್ಟಿಗಿ ತುಂಡು ಸಿಗಿಸ್ರಿ, ಅಕಸ್ಮಾತ್ ಮಡಚಿದ್ರ ಕೈ ಉಳೀತೈತಿ.

ಪೀಣ್ಯ_ಫಿಟ್ಟರ್
ಇನ್ನೊಂದು ಐಡಿಯಾ. ಸ್ಪ್ರಿಂಗ್ ಹಿಗ್ಗಿ ಇರುವಾಗಲೇ ಸುತ್ತುಗಳ ಸಂದೀಲಿ ಒಂದೊಂದು ಚಪ್ಪಟೆ ವಾಷರ್ ತೂರಿಸ್ತಾ ಹೋಗಿ, ಅದು ಕುಗ್ಗೋಕಾಗಲ್ಲ, ಆಮೇಲೆ ಸ್ವಲ್ಪ ಎಳೆದ್ರೂ ಕೊಕ್ಕೆ ಸುಮ್ನೆ ಕಳಚತ್ತೆ, ಎಗರಲ್ಲ.

ಹುಬ್ಬಳ್ಳಿ_ಸೋಫಾ_ಕೆಲಸ
ಇದು ಚಲೋ ಐತಿ ಅಣ್ಣಾ, ಒಪ್ಪಿದೆ. ವಾಷರ್ ಹಂಗ ಬಿಟ್ಟ್ರ ವಾಪಸ್ ಸಿಗಸಾಕೂ ಹಗುರ. ಆದ್ರ ಕಡೀಕ ಎಲ್ಲಾ ತಗದೀರೇನು ಎಣಿಸ್ರಿ, ಒಂದು ಉಳದು ಕತ್ತರಿನಾಗ ಬಿತ್ತು ಅಂದ್ರ ಮತ್ತ ಜಾಮ್.

ಪಟ್ಟಿ ನೆಟ್ಟಗ ಮಾಡೋದು: ಹೊಟ್ಟಿ ಬಂದಲ್ಲಿ ಮೊದ್ಲ ಅರಿವಿಲೆ ಒರಸಿ, ಕೂದಲೆಳಿ ಹಂಗ ಬಿರುಕು ಐತೇನು ನೋಡ್ರಿ. ಬಿರುಕು ಇದ್ರ ಅಲ್ಲಿಗೆ ನಿಲ್ಲಸ್ರಿ. ಇಲ್ಲಾಂದ್ರ ನಿಮ್ಮ ಎರಡೂ ಸ್ಪ್ಯಾನರ್ ಬಾಯಿ ಪಟ್ಟಿ ದಪ್ಪಕ್ಕ ಹೊಂದಸ್ರಿ, ಪಟ್ಟಿ ಅಂಚಿನಿಂದ ತೂರಿಸ್ರಿ, ಹೊಟ್ಟಿಯ ಈ ಕಡೆ ಒಂದು ಆ ಕಡೆ ಒಂದು. ಎರಡೂ ಹಿಡಿಕಿ ಹಿಡದು ಸಾವಕಾಶ ತಿರುವ್ರಿ. ಒಂದ ಸಲಕ್ಕ ಪೂರಾ ಬರಬಾರದು. ಸ್ವಲ್ಪ ತಿರುವ್ರಿ, ಸ್ಕೇಲ್ ಇಡ್ರಿ, ಮತ್ತ ಸ್ವಲ್ಪ. ಕಬ್ಬಿಣ ಬಿಟ್ಟ ಮ್ಯಾಲೆ ಒಂದಿಷ್ಟು ವಾಪಸ್ ಬರತೈತಿ, ಅದಕ್ಕ ನೆಟ್ಟಗಿನ ಗೆರಿ ಕೂದಲೆಳಿ ದಾಟಿಸಿ ಬಿಡಬೇಕು. ಪಟ್ಟಿ ಚಪ್ಪಟೆ ಮೈಯಾಗ ಬಾಗಿದ್ದಕ್ಕ ಅಷ್ಟ ಇದು. ಅಂಚಿನ ಕಡೆ ಬಿಲ್ಲು ಹಂಗ ಬಾಗಿದ್ರ ಸ್ಪ್ಯಾನರ್‌ಲೆ ಆಗಂಗಿಲ್ಲ.

ಬಸವನಗುಡಿ_ಬಾಲು
ಮಾಡಿದೆ. ಬಿರುಕು ಕಾಣಿಸ್ಲಿಲ್ಲ. ಸ್ಪ್ರಿಂಗ್ ಬಿಚ್ಚುವಾಗ ವಾಷರ್ ಐಡಿಯಾನೇ ಮಾಡಿದೆ, ಏಳು ತೂರಿಸಿದೆ, ಏಳೂ ವಾಪಸ್ ಬಂತು. ಸ್ಪ್ಯಾನರ್ ತಿರುವಿದ್ದು ಒಟ್ಟು ಆರು ಸಲ, ಎರಡನೇ ಸಲಕ್ಕೆ ಏನೂ ಆಗ್ಲಿಲ್ಲ ಅನ್ಕೊಂಡೆ, ನಾಲ್ಕನೇದಕ್ಕೆ ಬೆಳಕು ಅರ್ಧ ಆಯ್ತು, ಆರನೇದಕ್ಕೆ ಸ್ಕೇಲ್ ಕೂತ್ಕೊಳ್ತು. ಸ್ಪ್ರಿಂಗ್ ಇಲ್ದೇ ಕೈಯಲ್ಲಿ ಹಲಗೆ ಎಳೆದ್ರೆ ರಿವೆಟ್ ತಲೆ ದಾಟಿ ಹೋಗತ್ತೆ! ಆದ್ರೆ ನುಣ್ಣಗಿಲ್ಲ, ಕರಕರ ಅನ್ನತ್ತೆ.

ಸುರತ್ಕಲ್_ಕಿಣಿ
ಈಗಲಾದರೂ ಸ್ಪ್ರೇ ಹೊಡೀರಿ ಮಾರಾಯ್ರೆ 😄

ಹುಬ್ಬಳ್ಳಿ_ಸೋಫಾ_ಕೆಲಸ
ಕಿಣಿಯವ್ರ, ಈಗ ನಿಮ್ಮ ಸ್ಪ್ರೇ ಟೈಮ್ ಬಂತು, ಆದ್ರ ತೊಳಿಯಾಕ. ಅದು ಹಳೇ ಮಡ್ಡಿ ಬಿಡಸತೈತಿ, ತುಕ್ಕಿನಾಗ ಇಳೀತೈತಿ, ಆದ್ರ ತೆಳು, ಭಾಳ ದಿನ ಕೀಲಿನಾಗ ನಿಲ್ಲಂಗಿಲ್ಲ. ನಿಮಗ ಎರಡು ಸಲ ಹೊಡೀಬೇಕಾತು ಅಂದ್ರಲ್ಲ, ಅದಕ್ಕ.

ಬಾಲು ಅವ್ರ, ಬಟ್ಟಿಗೆ ಹಳೇ ಪೇಪರ್ ಮುಚ್ಚಿ, ಕೀಲಿಗಷ್ಟ ಒಂದೊಂದು ಚಿಟಿಕಿ ಸ್ಪ್ರೇ, ಆಡಸ್ರಿ, ಕರೀ ನೀರು ಹೊರಗ ಬರತೈತಿ, ಒರಸ್ರಿ. ಅರಿವಿಗೆ ಕರಿ ಹತ್ತೋದು ನಿಂತ ಮ್ಯಾಲೆ ಹೊಲಿಗಿ ಮಷಿನ್ ಎಣ್ಣಿ. ಎಲ್ಲಾರೂ ರಿವೆಟ್ ತಲಿ ಮ್ಯಾಲೆ ಹಾಕತಾರ, ಅದು ಗಂಧ ಹಚ್ಚಿದಂಗ, ಒಳಗ ಹೋಗಂಗಿಲ್ಲ. ಎರಡು ಪಟ್ಟಿ ಒಂದರ ಮ್ಯಾಲೊಂದು ಕೂತಿರತಾವಲ್ಲ, ರಿವೆಟ್ ಸುತ್ತ ಆ ಸಂದಿಗೆ ಎರಡು ಹನಿ. ಹತ್ತು ಹದಿನೈದು ಸಲ ತೆರದು ಮುಚ್ಚಿ, ಹೊರಗ ಬಂದದ್ದು ಒರಸಿಬಿಡ್ರಿ, ಇಲ್ಲಾಂದ್ರ ನಿಮ್ಮ ಕಡ್ಲಿಕಾಯಿ ಸಿಪ್ಪಿ ಎಲ್ಲಾ ಅಲ್ಲೇ ಅಂಟತೈತಿ. ಜಾರಿ ಓಡಾಡೋ ಉದ್ದ ತೂತು ಇದ್ರ ಅಲ್ಲಿ ಅಷ್ಟ ಬೆರಳ ತುದೀಲೆ ಬಿಳಿ ಗ್ರೀಸ್. ಬಿಳಿ ನೈಲಾನ್ ವಾಷರ್ ಕಂಡಲ್ಲಿ ಎಣ್ಣಿ ಬ್ಯಾಡ, ಒಣಾ ಅರಿವಿಲೆ ಒರಸಿದ್ರ ಸಾಕು, ಭಾಳಾದ್ರ ಸಿಲಿಕಾನ್ ಸ್ಪ್ರೇ.

ಗೀತಕ್ಕ_ಮೈಸೂರು
ಕೊಬ್ರಿ ಎಣ್ಣೆ ಹಾಕ್ಬೋದಾ? ನಮ್ಮತ್ತೆ ಎಲ್ಲಾ ಬಾಗಿಲಿಗೂ ಅದನ್ನೇ ಹಾಕೋರು.

ಹುಬ್ಬಳ್ಳಿ_ಸೋಫಾ_ಕೆಲಸ
ಅಕ್ಕಾರ, ಚಳಿಗಾಲಕ್ಕ ಹೆಪ್ಪುಗಟ್ಟತೈತಿ, ಬ್ಯಾಸಿಗ್ಯಾಗ ಜಿಗಟ ಆಗತೈತಿ. ಬಾಗಿಲಿಗೆ ನಡೀತೈತಿ, ಇದಕ್ಕ ಬ್ಯಾಡ್ರಿ.

ಬಸವನಗುಡಿ_ಬಾಲು
ಮೂರು ದಿನ ಆದ್ಮೇಲೆ ಬರೀತಿದೀನಿ, ಕ್ಷಮಿಸಿ. ಆ ಪುಡಿಯಾದ ತೂತಿಗೆ ಮೊದ್ಲು ಬೆಂಕಿಕಡ್ಡಿ, ಫೆವಿಕಾಲ್ ತುಂಬಿ ಸ್ಕ್ರೂ ಹಾಕಿದೆ, ಮಾರನೇ ದಿನ ಮತ್ತೆ ಅಲ್ಲಾಡ್ತು. ಹಾರ್ಡ್‌ವೇರ್ ಅಂಗಡಿಯವನ ಮಾತು ಕೇಳಿ ಪ್ಲೈವುಡ್ಡನ್ನ ಆರಪಾರ ಕೊರೆದು ಬೋಲ್ಟ್ ಹಾಕಿದೆ, ಆ ಕಡೆ ಅಗಲ ವಾಷರ್ ಕೊಟ್ಟು ನಟ್ ಬಿಗಿದೆ, 13ರ ಸ್ಪ್ಯಾನರ್ ಪಕ್ಕದ ಮನೆಯಿಂದ ತಂದೆ. ಈಗ ಗಟ್ಟಿ ಕೂತಿದೆ. ಎಣ್ಣೆ ನೀವು ಹೇಳಿದ ಹಾಗೇ. ಸ್ಪ್ರಿಂಗ್ ವಾಪಸ್ ಸಿಗಿಸಿದೆ. ಹಲಗೆ ಪೂರ್ತಿ ತೆರೆದಾಗ ಎಡ 42, ಬಲ 41.5. ಮುಚ್ಚಿದ್ರೆ ಎರಡೂ ಕಡೆ ಸಮ ಕೂರತ್ತೆ.

ಅಪ್ಪ ನಿನ್ನೆ ಸಂಜೆಯಿಂದ ಎದ್ದಿಲ್ಲ ಅಂತಾನೇ ಹೇಳ್ಬೋದು. ಆದ್ರೆ ಒಂದು ಉಳಿದಿದೆ, ಖಾಲಿ ಇದ್ದಾಗ ಏನೂ ಸದ್ದಿಲ್ಲ, ಅಪ್ಪ ಕೂತು ತೆರೆದಾಗ ಮುಕ್ಕಾಲು ಭಾಗಕ್ಕೆ ಬಲಗಡೆ ಒಂದು ಟಿಕ್.

ಪೀಣ್ಯ_ಫಿಟ್ಟರ್
ನಾನು ಹೇಳಿದ್ನಲ್ಲ, ನೆಟ್ಟಗೆ ಮಾಡಿದ ಪಟ್ಟಿ ಭಾರಕ್ಕೆ ಮತ್ತೆ ಹೊಟ್ಟೆ ಬಿಡ್ತಿದೆ.

ಹುಬ್ಬಳ್ಳಿ_ಸೋಫಾ_ಕೆಲಸ
ಇರಬಹುದು. ಆದ್ರ ನನಗ ಅನಸೋದು ಬ್ಯಾರೆ, ಆ ತಾಗಿದ ರಿವೆಟ್ಟಿನ ತೂತು ಸವದು ಅಗಲ ಆಗೇತಿ, ಭಾರ ಬಿದ್ದಾಗ ಪಟ್ಟಿ ಆ ಸಂದಿನಾಗ ಜಿಗದು ಟಿಕ್ ಅನ್ನತೈತಿ. ನೋಡದ ಹೇಳಾಕ ಬರಂಗಿಲ್ಲ. ಖುರ್ಚಿ ಖಾಲಿ ಇದ್ದಾಗ ಆ ಪಟ್ಟಿ ರಿವೆಟ್ ಹತ್ರ ಹಿಡದು ಮ್ಯಾಲೆ ಕೆಳಗ ಅಲ್ಲಾಡಸ್ರಿ. ಎಡಗಡೆಷ್ಟೇ ಆಡಿದ್ರ ಅಣ್ಣ ಹೇಳಿದ್ದು ಖರೆ, ಜಾಸ್ತಿ ಆಡಿದ್ರ ರಿವೆಟ್. ರಿವೆಟ್ ಆದ್ರ ಎಣ್ಣಿಲೆ ಹೋಗಂಗಿಲ್ಲ, ಎಡ ಬಲ ಎರಡೂ ಸೆಟ್ ಕೂಡಿಸೇ ಬದಲಸಬೇಕು, ಒಂದ ಹೊಸಾದು ಒಂದ ಹಳೇದು ಹಾಕಿದ್ರ ಮತ್ತ ಓರೆ.

ಬಸವನಗುಡಿ_ಬಾಲು
ಅಪ್ಪ ಎದ್ದಾಗ ನೋಡ್ತೀನಿ. ಸೆಟ್ ಆರ್ಡರ್ ಮಾಡೋದಾದ್ರೆ ಏನೇನು ಅಳತೆ ಕೇಳ್ತಾರೆ?

ಹುಬ್ಬಳ್ಳಿ_ಸೋಫಾ_ಕೆಲಸ
ಎರಡು ಸೆಟ್ಟಿನ ನಡುವಿನ ಅಗಲ, ಕಟ್ಟಿಗಿಗೆ ಕೂರೋ ತೂತಿನಿಂದ ತೂತಿಗೆ ದೂರ, ಚೌಕ ಪೈಪಿನ ದಪ್ಪ, ಹ್ಯಾಂಡಲ್ ಯಾವ ಬಾಜೂಕೈತಿ. ಹಳೇದು ಬಿಚ್ಚೂ ಮೊದಲ ಅಳೀರಿ. ಕಬ್ಬಿಣದ ಮ್ಯಾಲೆ ನಂಬರ್ ಒತ್ತಿದ್ರ ಫೋಟೋ ತಗೀರಿ.

ಡಲ್ಲಾಸ್_ಸುಮಾ
ಪಿನ್ ಇದ್ದಲ್ಲೇ ಇದೆ, ದಂಡ ಅಲ್ಲಾಡ್ತಿಲ್ಲ. ಅಂದ್ರೆ ಹಲ್ಲಾ? ಇಲ್ಲಿ ಮೋಟರ್ ಬೆಲೆ ನೋಡಿ ಅದರ ಮೇಲೇ ಕೂತ್ಕೊಳ್ಳೋಣ ಅನ್ನಿಸ್ತಿದೆ.

ದಾವಣಗೆರೆ_ಮಂಜ
ರೂಮ್‌ಮೇಟ್ ಬಂದ, ಇಬ್ರೂ ಎರಡು ಕಡೆ ಹಿಡಿದು ಎತ್ತಿದ್ವಿ, ಟಕ್ ಅಂತ ಎರಡೂ ಬಿಡ್ತು ಗೀತಕ್ಕ. ಈಗ ಹಾಸಿಗೆ ಆಗೈತೆ, ವಾಪಸ್ ಸೋಫಾ ಮಾಡಾಕೆ ಭಯ, ಹಂಗೇ ಬಿಟ್ಟೀವಿ.